ಗಟ್ಟಿಯಾಗಿ ಓದುವ ಕಾಗದ

ಮದ್ದೂರು ತಾಲ್ಲೂಕು ಆತಗೂರಿನ ಆ ಯಜಮಾನರನ್ನು ಬೆಳಿಗ್ಗೆ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಇನ್ನು ನೋವು ತಗ್ಗಿಸುವುದಷ್ಟೇ ಎಂದು ಡಾಕ್ಟರು ಬೆಂಗಳೂರಿನ ಮಗನಿಗೆ ಬಿಡಿಸಿ ಹೇಳಿದ್ದರು, ಅವರಿಗೂ ಸುಳುಹು ಕೊಟ್ಟಿದ್ದರು. ಮನೆಯಲ್ಲಿ ಏನೇನು ಮಾಡಬೇಕೆಂದು ಕಾಗದ ಬರೆದಿಡುವ ಕೆಲಸ ನೈಟ್ ಡ್ಯೂಟಿಯ ನನ್ನ ಪಾಲಿಗೆ ಬಂತು.

ಮಾತ್ರೆಯ ಭಾಗ ಸಲೀಸು. ಮಾರ್ಫಿನ್ 10 ಮಿಲಿಗ್ರಾಂ, ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ರಾತ್ರಿ 10ಕ್ಕೆ ಎರಡು. ನೋವು ಬರಲೆಂದು ಕಾಯಬಾರದು, ಗಡಿಯಾರ ನೋಡಿ ಕೊಡಬೇಕು. ಜೊತೆಗೆ ದಿನಾ ರಾತ್ರಿ ಮಲಬದ್ಧತೆಯ ಮಾತ್ರೆ. ಅದನ್ನು ಮರೆತರೆ ಹೊಟ್ಟೆ ಬಿಗಿಯುತ್ತದೆ, ಆ ಸಂಕಟ ನೋಡಲಾರದೆ ಮನೆಯವರು ಮಾರ್ಫಿನ್ನನ್ನೇ ನಿಲ್ಲಿಸಿಬಿಡುತ್ತಾರೆ.

ಪೆನ್ನು ನಿಂತದ್ದು ನೀರಿನ ಹತ್ತಿರ. ಅವರ ಹೆಂಡತಿ ಸಂಜೆಯೇ ಕೇಳಿದ್ದರು: “ಉಣ್ಣೋದೇ ಬುಟ್ಬುಟ್ಟವ್ರೆ ಸಿಸ್ಟ್ರೇ, ಹಸ್ಕಂಡಿದ್ರೆ ಪ್ರಾಣ ಹೋಗಕಿಲ್ವಾ?” ಊಟ ಬಿಟ್ಟು ದೇಹ ಸೋತದ್ದಲ್ಲ, ದೇಹ ಸೋತು ಊಟ ಬೇಡವಾಗಿದೆ ಎಂದು ಬರೆದೆ. ಆದರೆ ಕೊನೆಗಾಲಕ್ಕೆ ಬಾಯಿಗೆ ನೀರು ಬಿಡುವ ಪದ್ಧತಿ ಇದೆಯಲ್ಲ? ನುಂಗುವ ಶಕ್ತಿ ಹೋದ ಮೇಲೆ ಲೋಟದಿಂದ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಬರೆಯದೆ ಬಿಡುವಂತಿಲ್ಲ. ಹೆಂಡತಿಗೆ ಓದು ಬಾರದು. ಓದುವವಳು ಹೈಸ್ಕೂಲಿನ ಮೊಮ್ಮಗಳು, ಅದೂ ಅಜ್ಜನ ಮಂಚದ ಪಕ್ಕದಲ್ಲೇ, ಗಟ್ಟಿಯಾಗಿ.

ಎರಡು ಹಾಳೆ ಮಾಡೋಣವೆಂದುಕೊಂಡೆ. ಮಾತ್ರೆಯದು ಎಲ್ಲರಿಗೆ, ಇನ್ನೊಂದು ಮಗನಿಗೆ. ಉಸಿರು ನಿಂತು ನಿಂತು ಬರಬಹುದು, ಪಾದ ತಣ್ಣಗಾಗಬಹುದು, ಗಂಟಲು ಗೊರಗೊರ ಎನ್ನಬಹುದು. ಆಗ ಪಕ್ಕಕ್ಕೆ ಮಲಗಿಸಿ. ಆ ಸದ್ದು ಕೇಳುವವರಿಗೆ ಹಿಂಸೆ, ಅಷ್ಟು ಹೊತ್ತಿಗೆ ಅವರಿಗೆ ಸಾಮಾನ್ಯವಾಗಿ ಅರಿವಿರುವುದಿಲ್ಲ. ಬಾಯಿಗೆ ಏನೂ ಹಾಕದೆ ಒದ್ದೆ ಹತ್ತಿಯಲ್ಲಿ ತುಟಿ, ನಾಲಿಗೆ ಸವರಿ. ಮಾತ್ರೆ ನುಂಗಲಾಗದಿದ್ದರೆ ಫೋನ್ ಮಾಡಿ. ಎಷ್ಟು ದಿನ ಎಂದು ಬರೆಯಲಿಲ್ಲ. ಆ ಲೆಕ್ಕ ತಪ್ಪುವುದೇ ಹೆಚ್ಚು, ತಪ್ಪಿದರೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಎರಡು ಗಂಟೆಗೆ ವಾರ್ಡು ಸುತ್ತಿದಾಗ ಅವರು ಎಚ್ಚರವಾಗಿದ್ದರು.

“ಅದೇನವ್ವ ಬರೀತಿದ್ದೀಯೆ, ನನ್ ಇಸ್ಯಾನಾ?”

“ಹೌದು. ಎಷ್ಟು ಓದಲಿ?”

“ಪೂರಾ ಓದು.”

ಓದಿದೆ. ಗೊರಗೊರದ ಸಾಲಿಗೆ ತಲೆಯಾಡಿಸಿದರು, ಅವರಪ್ಪನಿಗೂ ಹಾಗೇ ಆಗಿತ್ತಂತೆ. ಹತ್ತಿಯ ಸಾಲಿಗೆ ಮಾತ್ರ ತಕರಾರು: “ಬರೀ ನೀರ್ ಬ್ಯಾಡ. ನಮ್ ತೋಟದ್ ಎಳ್ನೀರಲ್ಲಿ ಅದ್ದಿ ಅಂತ ಬರಿ. ಮಾತಿರೋವಾಗ್ಲೇ ಮಗನ್ನ ಕರ್ಸಿ ಅಂತ್ಲೂ ಹಾಕು, ಗದ್ದೆ ಇಚಾರ ಹೇಳೋದದೆ.”

ಮಗನ ಸಾಲನ್ನು ಎಲ್ಲಕ್ಕಿಂತ ಮೇಲಿಟ್ಟು ಒಂದೇ ಹಾಳೆಯಲ್ಲಿ ಮತ್ತೆ ಬರೆದೆ. ಬೆಳಿಗ್ಗೆ ಡಾಕ್ಟರು ಓದಿ, ರಾತ್ರಿ ಕರೆಯಬೇಕಾದ ನಂಬರ್ ಸೇರಿಸಿ ಸಹಿ ಹಾಕಿದರು.