ಅಕ್ಟೋಬರ್ ಪಗಾರ ಕಡಿಮೆ ಬಿದ್ದರೆ: ಹಣಕಾಸು ಮುಖ್ಯಸ್ಥರಿಗೆ ವರದಿ ಹೀಗೆ ಬರೆಯಿರಿ

ಆದೋನಿಯ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯ ಹಂಗಾಮು ಕಾವೇರುವುದು ಅಕ್ಟೋಬರ್‌ನಲ್ಲಿ. ಆ ತಿಂಗಳು ಹೊಸ ಕೂಲಿಗಳು ಸೇರುತ್ತಾರೆ, ಓವರ್‌ಟೈಮ್ ಶುರುವಾಗುತ್ತದೆ. ಆಂಧ್ರಪ್ರದೇಶದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುವುದೂ ಅದೇ ತಿಂಗಳ 1ರಂದು. ಅಲ್ಲಿ ಭತ್ಯೆಯನ್ನು ವರ್ಷಕ್ಕೆ ಎರಡು ಸಲ, ಏಪ್ರಿಲ್ 1 ಮತ್ತು ಅಕ್ಟೋಬರ್ 1ರಿಂದ ಪರಿಷ್ಕರಿಸುತ್ತಾರೆ. ಕರ್ನಾಟಕದಲ್ಲಿ ಏಪ್ರಿಲ್‌ನಲ್ಲಿ ಒಂದೇ ಸಲ.

1953ರವರೆಗೆ ಆದೋನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾದರೂ ಎರಡೂ ಊರುಗಳ ನಡುವಿನ ವ್ಯಾಪಾರ ನಿಂತಿಲ್ಲ. ಕಚೇರಿ ಬಳ್ಳಾರಿಯಲ್ಲಿ, ಮಿಲ್ಲು ಆದೋನಿಯಲ್ಲಿ ಇರುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ಬಳ್ಳಾರಿಯ ಪಗಾರ ಪಟ್ಟಿಯ ನಮೂನೆಯನ್ನೇ ಮಿಲ್ಲಿಗೂ ಬಳಸಿದ್ದಾರೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರು ತಿಂಗಳೂ ಹಳೆಯ ಭತ್ಯೆಯಲ್ಲೇ ಬಟವಾಡೆಯಾಗಿದೆ. ಜನವರಿಯಲ್ಲಿ ತಪ್ಪು ಗೊತ್ತಾಗಿದೆ. ಈಗ ಲೆಕ್ಕಪತ್ರ ವಿಭಾಗದವರು ಹಣಕಾಸು ಮುಖ್ಯಸ್ಥರಿಗೆ ವರದಿ ಕೊಡಬೇಕು. ಅದನ್ನು ಬರೆಯುವ ಕ್ರಮ ಇಲ್ಲಿದೆ. ಸಂಸ್ಥೆ ಮತ್ತು ಅದರ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಮಿಲ್ಲಿಗೆ ಅನ್ವಯಿಸುವ ದರವನ್ನು ಕಾರ್ಮಿಕ ಇಲಾಖೆಯ ಅಧಿಸೂಚನೆಯಿಂದಲೇ ತೆಗೆದುಕೊಳ್ಳಿ.

1. ಮೊದಲ ಪ್ಯಾರಾದಲ್ಲೇ ಮೊತ್ತ ಹೇಳಿ

ಮುಖ್ಯಸ್ಥರು ಮೊದಲು ಕೇಳುವುದು ಎಷ್ಟು ಹಣ, ಎಷ್ಟು ಜನ, ಯಾವಾಗ ಕೊಡುತ್ತೀರಿ ಎಂದು. ಆದ್ದರಿಂದ ಹೀಗೆ ಆರಂಭಿಸಿ: "ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 62 ಜನರಿಗೆ ಒಟ್ಟು 61,240 ರೂಪಾಯಿ ಕಡಿಮೆ ಪಾವತಿಯಾಗಿದೆ. ಇವರಲ್ಲಿ 9 ಜನ ಕೆಲಸ ಬಿಟ್ಟಿದ್ದಾರೆ. ಬಾಕಿಯನ್ನು ಜನವರಿ ಪಗಾರಕ್ಕೆ ಕಾಯದೆ ಪ್ರತ್ಯೇಕವಾಗಿ ಪಾವತಿಸಲು ಮಂಜೂರಾತಿ ಬೇಕು." ತಪ್ಪು ಹೇಗಾಯಿತೆಂಬ ಕಥೆ ಇದರ ನಂತರ ಬರಲಿ.

2. ಕಾರಣವನ್ನು ಮೂರು ಮೆಟ್ಟಿಲು ಕೆಳಗಿಳಿದು ನೋಡಿ

"ಗುಮಾಸ್ತರ ಕಣ್ತಪ್ಪು" ಎಂದು ಬರೆದರೆ ಮುಂದಿನ ಅಕ್ಟೋಬರ್‌ನಲ್ಲಿ ಅದೇ ತಪ್ಪು ಮರುಕಳಿಸುತ್ತದೆ. ಮೇಲಿನ ಮೆಟ್ಟಿಲಲ್ಲಿ ಕಾಣುವ ಕಾರಣ, ಭತ್ಯೆಯ ಕಾಲಮಿನಲ್ಲಿ ಹಳೆಯ ದರ ಉಳಿದದ್ದು. ಅದರ ಕೆಳಗಿನದು, ನಮೂನೆಯಲ್ಲಿ ಪರಿಷ್ಕರಣೆಯ ತಿಂಗಳು ಏಪ್ರಿಲ್ ಎಂದಷ್ಟೇ ಇದ್ದದ್ದು ಮತ್ತು ಆಂಧ್ರದ ಅಧಿಸೂಚನೆ ನೋಡುವ ಹೊಣೆ ಯಾರ ಹೆಸರಿನಲ್ಲೂ ಇಲ್ಲದಿದ್ದದ್ದು.

ಮೂರನೆಯದು ತಪಾಸಣೆಯಲ್ಲೇ ಅಡಗಿದೆ. ಪಗಾರ ಪಟ್ಟಿಯನ್ನು ಸಾಮಾನ್ಯವಾಗಿ ಹಿಂದಿನ ತಿಂಗಳಿನದರ ಜೊತೆ ಹೋಲಿಸುತ್ತಾರೆ. ವ್ಯತ್ಯಾಸ ಕಂಡ ಹೆಸರುಗಳನ್ನು ಮಾತ್ರ ಪರಿಶೀಲಿಸುತ್ತಾರೆ. ಇಲ್ಲಿ ತಪ್ಪಾದದ್ದೇ ವ್ಯತ್ಯಾಸ ಆಗದೇ ಉಳಿದದ್ದರಿಂದ. ಸೆಪ್ಟೆಂಬರ್‌ನ ಭತ್ಯೆಗೂ ಅಕ್ಟೋಬರ್‌ನ ಭತ್ಯೆಗೂ ತಾಳೆಯಾಯಿತು, ಪಟ್ಟಿ ಸರಿಯೆಂದು ಸಹಿ ಬಿತ್ತು.

3. ಹಿಂದಿನ ಹಂಗಾಮುಗಳನ್ನೂ ತೆರೆದು ನೋಡಿ

ಈ ತಪ್ಪು ತನ್ನಷ್ಟಕ್ಕೆ ಮರೆಯಾಗುತ್ತದೆ. ಏಪ್ರಿಲ್‌ನಲ್ಲಿ ಹೊಸ ದರ ಹಾಕಿದೊಡನೆ ಪಗಾರ ಕಾನೂನಿನ ಮಟ್ಟಕ್ಕೆ ಬರುತ್ತದೆ, ಅಕ್ಟೋಬರ್‌ನಲ್ಲಿ ಮತ್ತೆ ಕುಸಿಯುತ್ತದೆ. ಏಪ್ರಿಲ್ ನಂತರದ ತಿಂಗಳನ್ನಷ್ಟೇ ನೋಡಿದ ಲೆಕ್ಕ ಪರಿಶೋಧಕರಿಗೆ ಏನೂ ಕಾಣುವುದಿಲ್ಲ. ಅದೇ ನಮೂನೆ ಎಷ್ಟು ವರ್ಷದಿಂದ ಬಳಕೆಯಲ್ಲಿದೆಯೋ ಅಷ್ಟು ವರ್ಷಗಳ ಅಕ್ಟೋಬರ್–ಮಾರ್ಚ್ ಪಟ್ಟಿಗಳನ್ನು ತೆಗೆಸಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಬಾಕಿಗಾಗಿ ಅರ್ಜಿ ಹಾಕಲು ಕಾರ್ಮಿಕರಿಗೆ ಮೂರು ವರ್ಷಗಳ ಅವಕಾಶವಿದೆ. ಹಳೆಯ ಬಾಕಿಯೂ ಸಿಕ್ಕರೆ ವರದಿಯಲ್ಲಿ ಬೇರೆ ಸಾಲಿನಲ್ಲಿ ತೋರಿಸಿ.

4. ಒಬ್ಬರ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ

ಭತ್ಯೆ ತಿಂಗಳಿಗೆ 364 ರೂಪಾಯಿ ಏರಿದೆ ಎಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 14 ರೂಪಾಯಿ. ಒಬ್ಬ ಕೂಲಿ ಅಕ್ಟೋಬರ್‌ನಲ್ಲಿ 24 ದಿನ ದುಡಿದು, 12 ಗಂಟೆ ಓವರ್‌ಟೈಮ್ ಮಾಡಿದ್ದಾನೆ.

- ದಿನಗೂಲಿಯ ಬಾಕಿ: 24 × 14 = 336 ರೂ.
- ಓವರ್‌ಟೈಮ್ ಬಾಕಿ: ಗಂಟೆಗೆ 1.75 ರೂ., ಎರಡು ಪಟ್ಟಾದರೆ 3.50 ರೂ.; 12 × 3.50 = 42 ರೂ.
- ಒಟ್ಟು: 378 ರೂ.
- ಭವಿಷ್ಯನಿಧಿಗೆ ಕಾರ್ಮಿಕನ ಪಾಲು, 336ರ ಮೇಲೆ ಶೇ 12: 40 ರೂ.
- ಕೈಗೆ ಸಿಗಬೇಕಾದದ್ದು: 338 ರೂ.

ಎಡವುವುದು ಹೆಚ್ಚಾಗಿ ಎರಡನೆಯ ಸಾಲಿನಲ್ಲಿ. ದಿನದ ದರ ಏರಿದರೆ ಓವರ್‌ಟೈಮ್ ದರವೂ ಏರಬೇಕು. ಹಂಗಾಮಿನ ತಿಂಗಳಲ್ಲಿ ಅದನ್ನು ಬಿಟ್ಟರೆ ಸರಿಪಡಿಸಿದ ಪಟ್ಟಿಯೇ ಮತ್ತೆ ಕಡಿಮೆ ಬೀಳುತ್ತದೆ. ದಿನಗಳನ್ನು ಪಗಾರ ಪಟ್ಟಿಯಿಂದ ತೆಗೆದುಕೊಳ್ಳಬೇಡಿ, ಹಾಜರಿ ಪುಸ್ತಕದಿಂದ ಎಣಿಸಿ. ಭವಿಷ್ಯನಿಧಿಗೆ ಓವರ್‌ಟೈಮ್ ಸೇರುವುದಿಲ್ಲ, ಆದ್ದರಿಂದ 378ರ ಮೇಲೆ ಶೇ 12 ಹಿಡಿಯಬಾರದು.

ಇಎಸ್‌ಐ ಕಡಿತ ಇಲ್ಲಿ ಇಲ್ಲದಿರುವುದಕ್ಕೆ ಕಾರಣವಿದೆ. ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಅಷ್ಟನ್ನೇ ಮಾಡುವ ಕಾರ್ಖಾನೆ ಕಾನೂನಿನ ಪ್ರಕಾರ ಹಂಗಾಮಿ ಕಾರ್ಖಾನೆ. ಇಎಸ್‌ಐ ಅದಕ್ಕೆ ಅನ್ವಯವಾಗದು. ಅದೇ ಆವರಣದಲ್ಲಿ ನೂಲುವ ಘಟಕವೂ ಇದ್ದರೆ ಈ ವಿನಾಯಿತಿಯನ್ನು ಹಿಡಿದು ಕೂರಬೇಡಿ, ಸಲಹೆಗಾರರಿಂದ ಖಚಿತಪಡಿಸಿಕೊಳ್ಳಿ.

5. ಸರಿಪಡಿಸುವ ಖರ್ಚನ್ನು ಬೇರೆಯಾಗಿ ಇಡಿ

61,240 ರೂಪಾಯಿಯಲ್ಲಿ 55,000 ಭವಿಷ್ಯನಿಧಿಗೆ ಒಳಪಡುವ ವೇತನ ಎಂದಾದರೆ ಸಂಸ್ಥೆಯ ಪಾಲು ಶೇ 12ರಂತೆ ಇನ್ನೂ 6,600 ರೂ. ಜೊತೆಗೆ ಆಡಳಿತ ಮತ್ತು ವಿಮೆಯ ಸಣ್ಣ ಶುಲ್ಕಗಳಿವೆ. ಆಯಾ ತಿಂಗಳ ವಂತಿಗೆ ಮುಂದಿನ ತಿಂಗಳ 15ರೊಳಗೆ ಸಂದಾಯವಾಗಬೇಕಿತ್ತು. ತಡವಾದದ್ದಕ್ಕೆ ವರ್ಷಕ್ಕೆ ಶೇ 12ರ ಬಡ್ಡಿಯೂ, ದಂಡವೂ ಬೀಳಬಹುದು. ಅವೆರಡೂ ಸಂಸ್ಥೆಯ ಹೊರೆ. ಕೂಲಿಯ ಬಾಕಿಯಿಂದ ಮುರಿಯುವಂತಿಲ್ಲ. ಬಾಕಿಯ ವಂತಿಗೆಯನ್ನು ಆಯಾ ತಿಂಗಳ ಹೆಸರಿನಲ್ಲಿ ಬಾಕಿ ವಿವರಪಟ್ಟಿಯಾಗಿಯೇ ಸಲ್ಲಿಸಿ. ಜನವರಿಯ ವೇತನಕ್ಕೆ ಸೇರಿಸಿದರೆ ಆ ತಿಂಗಳ ವೇತನ ಸುಳ್ಳೇ ಉಬ್ಬುತ್ತದೆ, ಹಿಂದಿನ ತಿಂಗಳುಗಳು ಕೊರತೆಯಲ್ಲೇ ಉಳಿಯುತ್ತವೆ.

6. ಬಿಟ್ಟುಹೋದವರ ಪಟ್ಟಿಯನ್ನು ಮರೆಯಬೇಡಿ

ಕೌತಾಳಂ, ಕೋಸಿಗಿ, ಆಲೂರು ಕಡೆಯಿಂದ ಹಂಗಾಮಿಗೆ ಬಂದ ಕೂಲಿಗಳು ನಡುವೆಯೇ ಊರಿಗೆ ಮರಳಿರಬಹುದು. ಅವರ ಬ್ಯಾಂಕ್ ಖಾತೆಗೇ ಹಣ ಹಾಕಿ, ಮೇಸ್ತ್ರಿಯ ಕೈಗೆ ಒಟ್ಟಾಗಿ ಕೊಡಬೇಡಿ. ಖಾತೆ ಮುಚ್ಚಿ ಹಣ ವಾಪಸು ಬಂದವರ ಹೆಸರುಗಳನ್ನು ಮಿಲ್ಲಿನ ಗೇಟಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ಅಂಟಿಸಿ. ವಿಳಾಸವೇ ಸಿಗದವರ ಹಣವನ್ನು ಕಾನೂನು ಗೊತ್ತುಪಡಿಸಿದ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕಾಗುತ್ತದೆ. ಅದನ್ನು ಸಂಸ್ಥೆಯ ಆದಾಯಕ್ಕೆ ಜಮಾ ಮಾಡುವಂತಿಲ್ಲ.

7. ಮುಂದಿನ ಅಕ್ಟೋಬರ್‌ಗೆ ಒಂದೇ ಒಂದು ತಪಾಸಣೆ

ವರದಿಯ ಕೊನೆಗೆ ಹತ್ತು ಶಿಫಾರಸು ಬೇಡ. ಏಪ್ರಿಲ್ ಮತ್ತು ಅಕ್ಟೋಬರ್ ಪಟ್ಟಿಗೆ ಸಹಿ ಮಾಡುವ ಮುನ್ನ ಭತ್ಯೆಯ ಕಾಲಮನ್ನು ಹಿಂದಿನ ತಿಂಗಳಿನದರ ಜೊತೆ ಇಟ್ಟು ನೋಡಬೇಕು. ಎಲ್ಲರದ್ದೂ ಹಾಗೆಯೇ ಇದ್ದರೆ ಬಟವಾಡೆ ನಿಲ್ಲಿಸಿ ಅಧಿಸೂಚನೆ ತೆಗೆದು ನೋಡಬೇಕು. ಅಧಿಸೂಚನೆ ಇನ್ನೂ ಕೈಸೇರಿರದಿದ್ದರೆ ಹಳೆಯ ದರದಲ್ಲಿ 7ನೇ ತಾರೀಖಿನೊಳಗೆ ಪಗಾರ ಕೊಡಿ. "ಭತ್ಯೆ ಬಾಕಿ" ಎಂದು ಪಟ್ಟಿಯಲ್ಲೇ ಬರೆದಿಡಿ, ಅಧಿಸೂಚನೆ ಬಂದೊಡನೆ ಅನ್ವಯ ದಿನಾಂಕದಿಂದ ಲೆಕ್ಕ ಹಾಕಿ. ಈ ಕೆಲಸ ಯಾರದು, ಅವರು ರಜೆಯಲ್ಲಿದ್ದರೆ ಯಾರದು ಎಂದು ಹುದ್ದೆ ಸಹಿತ ನಮೂದಿಸಿ.

ಮಂಜೂರಾತಿ ಸಿಕ್ಕ ಮಾತ್ರಕ್ಕೆ ಕಡತ ಮುಚ್ಚಬೇಡಿ. 62 ಜನರ ಬ್ಯಾಂಕ್ ಪಾವತಿಯ ಪ್ರತಿ, ಭವಿಷ್ಯನಿಧಿ ಚಲನ್, ಬಾಕಿ ಉಳಿದ ಹೆಸರುಗಳ ಠೇವಣಿ ರಸೀದಿ ಮೂರೂ ವರದಿಗೆ ಲಗತ್ತಾದ ದಿನವೇ ಅದು ಮುಗಿಯುವುದು.