ದೇಣಿಗೆ ಪಟ್ಟಿ ಓದುವ ಮುನ್ನ: ಖಜಾಂಚಿಗೆ ಆರು ಸೂತ್ರಗಳು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂಥ ಊರಿನಲ್ಲಿ ದೇವಿಯ ಜಾತ್ರೆಯಿರಲಿ, ಗಣೇಶೋತ್ಸವವಿರಲಿ, ಮೈಕಿನಲ್ಲಿ ದೇಣಿಗೆ ಪಟ್ಟಿ ಓದುವಾಗ ಇಡೀ ಊರು ಕಿವಿಗೊಟ್ಟು ಕೇಳುತ್ತದೆ. ಕೊಟ್ಟವರು ತಮ್ಮ ಹೆಸರಿಗಾಗಿ ಕಾಯುತ್ತಾರೆ, ಉಳಿದವರು ಒಟ್ಟು ಮೊತ್ತಕ್ಕಾಗಿ. ಆ ಮೊತ್ತ ಒಮ್ಮೆ ಬಾಯಿಂದ ಹೊರಬಿದ್ದರೆ ತಿದ್ದುವುದು ಕಷ್ಟ. ಆದ್ದರಿಂದ ಕೆಲಸವೆಲ್ಲ ಅದಕ್ಕೆ ಮುಂಚೆಯೇ ಮುಗಿಯಬೇಕು.

1. ಪಟ್ಟಿಯನ್ನು ರಸೀದಿ ಸಂಖ್ಯೆಯ ಕ್ರಮದಲ್ಲೇ ಬರೆಯಿರಿ.
ದೊಡ್ಡ ಮೊತ್ತ ಮೇಲೆ, ಚಿಕ್ಕದು ಕೆಳಗೆ ಎಂದು ಜೋಡಿಸಿದರೆ ನೋಡಲು ಚೆಂದ. ಆದರೆ ಆಗ ಒಂದು ರಸೀದಿ ಬಿಟ್ಟುಹೋದರೂ ಯಾರಿಗೂ ತಿಳಿಯುವುದಿಲ್ಲ. 1ರಿಂದ 180ರವರೆಗೆ ಸಾಲಾಗಿ ಬರೆದರೆ, 73 ಆದ ಮೇಲೆ 75 ಬಂದ ಕೂಡಲೇ ಕಣ್ಣಿಗೆ ಬೀಳುತ್ತದೆ. ಹಾಳಾದ ರಸೀದಿಯನ್ನು ಹರಿದು ಎಸೆಯಬೇಡಿ. ಎರಡೂ ಪ್ರತಿಗಳನ್ನು ಪುಸ್ತಕದಲ್ಲೇ ಉಳಿಸಿ, ಪಟ್ಟಿಯಲ್ಲಿ ಆ ಸಂಖ್ಯೆಯ ಮುಂದೆ ‘ರದ್ದು’ ಎಂದು ಬರೆಯಿರಿ.

2. ಹೆಸರಿನ ಜೊತೆ ಗುರುತೂ ಇರಲಿ.
ಒಂದೇ ಬೀದಿಯಲ್ಲಿ ನಾರಾಯಣಸ್ವಾಮಿ ಎಂಬ ಹೆಸರಿನವರು ಇಬ್ಬರು ಮೂವರು ಇರುತ್ತಾರೆ. ತಂದೆಯ ಹೆಸರನ್ನೋ ಮನೆತನವನ್ನೋ ಸೇರಿಸಿ. ಫೋನ್‌ಪೇಯಲ್ಲಿ ಮಗನ ಹೆಸರಿನಿಂದ ಹಣ ಬಂದಿದ್ದರೂ ದೇಣಿಗೆ ತಾಯಿಯದಾಗಿರಬಹುದು. ಹಣ ಬಂದ ದಿನವೇ ಯಾರ ಹೆಸರಿಗೆ ಎಂದು ಕೇಳಿ ರಸೀದಿ ಹಾಕಿ.

3. ಕೈಗೆ ಬಂದದ್ದು ಬೇರೆ, ಬರೆಸಿದ್ದು ಬೇರೆ.
ಇದು ರೇಷ್ಮೆಯ ಸೀಮೆ. ‘ಗೂಡು ಮಾರಿದ ಮೇಲೆ ಕೊಡ್ತೀನಿ, ನನ್ನ ಹೆಸರಿಗೆ ಐದು ಸಾವಿರ ಬರ್ಕೊಳಿ’ ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಬರೆಸುತ್ತಾರೆ. ಆದರೆ ಹುಳುವಿಗೆ ರೋಗ ಬಿದ್ದರೆ, ಗೂಡಿನ ಬೆಲೆ ಇಳಿದರೆ, ಆ ಹಣ ತಡವಾಗುತ್ತದೆ. ಅದನ್ನು ಒಟ್ಟು ಮೊತ್ತಕ್ಕೆ ಸೇರಿಸಿ ಓದಿದರೆ ಪೆಂಡಾಲಿನವರಿಗೆ ಕೊಡಲು ಕೈಯಲ್ಲಿ ಹಣವಿರುವುದಿಲ್ಲ. ‘ಬರಬೇಕಾದದ್ದು’ ಎಂದು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಅಲ್ಲಿ ಹೆಸರು ಓದಬೇಡಿ, ಮೊತ್ತ ಸಾಕು. ಚೆಕ್ ಕೂಡ ಪಾಸಾದ ಮೇಲೆಯೇ ಲೆಕ್ಕಕ್ಕೆ.

4. ಅಕ್ಕಿ ಬೇಳೆಯನ್ನು ರೂಪಾಯಿಗೆ ತಿರುಗಿಸಬೇಡಿ.
ಅನ್ನದಾನಕ್ಕೆ 25 ಕೆ.ಜಿ. ಅಕ್ಕಿ ಕೊಟ್ಟವರ ಹೆಸರಿನ ಮುಂದೆ 25 ಕೆ.ಜಿ. ಎಂದೇ ಬರೆಯಿರಿ. ಬೆಲೆ ಕಟ್ಟಿದರೆ ಒಬ್ಬರಿಗೆ ಹೆಚ್ಚಾಯಿತು, ಇನ್ನೊಬ್ಬರಿಗೆ ಕಡಿಮೆಯಾಯಿತು ಎಂಬ ಮಾತು ಹುಟ್ಟುತ್ತದೆ, ನಗದೂ ತಾಳೆಯಾಗುವುದಿಲ್ಲ. ಹೂವಿನ ಅಲಂಕಾರವನ್ನೋ ದೀಪಾಲಂಕಾರವನ್ನೋ ತಾವೇ ನೇರವಾಗಿ ಮಾಡಿಸಿದವರದೂ ಇದೇ ‘ವಸ್ತು ಮತ್ತು ಸೇವೆ’ ಪಟ್ಟಿಗೆ ಸೇರಲಿ. ಹೋದ ವರ್ಷದ ಉಳಿಕೆ ಈ ವರ್ಷದ ದೇಣಿಗೆಯಲ್ಲ, ಅದಕ್ಕೂ ಬೇರೆ ಸಾಲು. ದೇವಸ್ಥಾನದ ಹುಂಡಿ ಹಣವನ್ನಂತೂ ಸಮಿತಿಯ ಲೆಕ್ಕದೊಳಗೆ ತರಲೇಬೇಡಿ.

5. ಎರಡು ಕಡೆಯಿಂದ ಕೂಡಿಸಿ, ವ್ಯತ್ಯಾಸವನ್ನು 9ರಿಂದ ಭಾಗಿಸಿ.
ಒಂದು ಉದಾಹರಣೆ ನೋಡೋಣ. ಪೆಟ್ಟಿಗೆಯಲ್ಲಿ ನಗದು ₹1,12,466. ಸಮಿತಿಯ ಖಾತೆಗೆ ಫೋನ್ ಮೂಲಕ ಬಂದದ್ದು ₹58,284. ಪಾಸಾದ ಚೆಕ್ ₹25,000. ಮೂರೂ ಸೇರಿ ₹1,95,750. ಆದರೆ ಹೆಸರಿನ ಪಟ್ಟಿ ಕೂಡಿಸಿದರೆ ₹1,95,795 ಬರುತ್ತಿದೆ. 45 ರೂಪಾಯಿ ಹೆಚ್ಚು.

ಇಲ್ಲಿ ಜೇಬಿನಿಂದ 45 ರೂಪಾಯಿ ಹಾಕಿ ಸರಿಮಾಡುವುದು ಸುಲಭ, ಆದರೆ ಆಗ ತಪ್ಪು ಒಳಗೇ ಉಳಿಯುತ್ತದೆ. 45 ಎಂಬುದು 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಹೀಗೇ ಬರುತ್ತದೆ. ಆಂಧ್ರದ ಗಡಿಗೆ ಹತ್ತಿರದ ಈ ಕಡೆ 1,116 ರೂಪಾಯಿ ಕೊಡುವವರುಂಟು. ಆ ಸಾಲುಗಳನ್ನು ಮೊದಲು ರಸೀದಿಯೊಂದಿಗೆ ಹೋಲಿಸಿ. ಒಂದು ಕಡೆ 1,116 ಇದ್ದದ್ದು 1,161 ಆಗಿರುತ್ತದೆ, 45 ಸಿಕ್ಕಿತು. ವ್ಯತ್ಯಾಸ 9ರಿಂದ ಭಾಗವಾಗದಿದ್ದರೆ ಅಂಕಿ ಅದಲುಬದಲಾದದ್ದೊಂದೇ ಕಾರಣವಲ್ಲ. ಬಿಟ್ಟುಹೋದ ಅಥವಾ ಎರಡು ಸಲ ಬರೆದ ಹೆಸರನ್ನು ಹುಡುಕಿ.

ಈ ಕೂಡಿಕೆಯನ್ನು ಒಬ್ಬರೇ ಮಾಡಬೇಡಿ. ಒಬ್ಬರು ರಸೀದಿ ಓದಲಿ, ಇನ್ನೊಬ್ಬರು ಪಟ್ಟಿಯಲ್ಲಿ ಟಿಕ್ ಹಾಕಲಿ.

6. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ, ಸಮಯ ಸಮೇತ ಓದಿ.
ಘೋಷಣೆ ಹೀಗಿರಲಿ: ‘ಇಂದು ಸಂಜೆ 6 ಗಂಟೆಯವರೆಗೆ ರಸೀದಿ ಸಂಖ್ಯೆ 1ರಿಂದ 180ರವರೆಗೆ, ರದ್ದಾದ ಎರಡನ್ನು ಬಿಟ್ಟು, ಕೈಸೇರಿದ ಒಟ್ಟು ದೇಣಿಗೆ ₹1,95,750. ಒಂದು ಲಕ್ಷ ತೊಂಬತ್ತೈದು ಸಾವಿರದ ಏಳುನೂರ ಐವತ್ತು ರೂಪಾಯಿ. ಬರಬೇಕಾದದ್ದು ₹18,000, ಇದು ಒಟ್ಟಿನಲ್ಲಿ ಸೇರಿಲ್ಲ.’ ಸಮಯ ಹೇಳಿದ್ದರಿಂದ ರಾತ್ರಿ ದೇಣಿಗೆ ತಂದವರು ‘ನಮ್ಮ ಹೆಸರೇಕೆ ಬರಲಿಲ್ಲ’ ಎಂದು ನೊಂದುಕೊಳ್ಳುವುದಿಲ್ಲ. ಅವರ ಹೆಸರು 181ರಿಂದ ಶುರುವಾಗುವ ಪೂರಕ ಪಟ್ಟಿಗೆ ಹೋಗುತ್ತದೆ.

ಓದಿ ಮುಗಿಸಿದ ಪಟ್ಟಿಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಸಹಿ ಹಾಕಿ ದೇವಸ್ಥಾನದ ಗೋಡೆಗೆ ಅಂಟಿಸಿ. ಖರ್ಚಿನ ಲೆಕ್ಕ ಕೊಡುವ ದಿನಾಂಕವನ್ನೂ ಅದರಲ್ಲೇ ಕೆಳಗೆ ಬರೆಯಿರಿ. ತಪ್ಪು ಕಂಡವರು ತಮ್ಮ ರಸೀದಿ ಹಿಡಿದು ಆ ದಿನದೊಳಗೆ ಬಂದು ಸರಿಪಡಿಸಿಕೊಳ್ಳಬಹುದು.