‘ಮಾಡುತ್ತಿದ್ದೆ’ ಅಂದ್ರೆ ಕೆಲಸ ಬಿಟ್ಟ ಹಾಗೆ: ಸಂದರ್ಶನದಲ್ಲಿ ಕಾಲಗಳು

ಕಳೆದ ವಾರ ನಮ್ಮ ಸಂಘದ ರೂಮಿನಲ್ಲಿ ಕನ್ನಡದಲ್ಲೇ ಒಂದು ಅಣಕು ಸಂದರ್ಶನ ನಡೆಸಿದೆವು. ನಮ್ಮಲ್ಲೊಬ್ಬ “ಒಂದು ವರ್ಷದಿಂದ ರೋಬೋಟಿಕ್ಸ್ ಟೀಮಲ್ಲಿ ಕೆಲಸ ಮಾಡ್ತಾ ಇದ್ದೆ” ಅಂದ. ಸಂದರ್ಶಕರ ಕುರ್ಚಿಯಲ್ಲಿದ್ದ ಸೀನಿಯರ್ ತಕ್ಷಣ “ಯಾಕೆ ಬಿಟ್ರಿ?” ಅಂತ ಕೇಳಿದರು. ಅವನು ಬಿಟ್ಟೇ ಇರಲಿಲ್ಲ! ‘ಇದ್ದೀನಿ’ ಅನ್ನೋ ಕಡೆ ‘ಇದ್ದೆ’ ಅಂದಿದ್ದ, ಅಷ್ಟೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆಲ್ಲ ಇದು ಆಗುತ್ತೆ. ಹಾಗಾಗಿ ಈ ಸಲದ ಪಾಠ ಇದೇ.

ಒಂದು ಪಂಪ್‌ಸೆಟ್ ಕಂಪನಿ. ಕೆಲಸ ರೈತರ ಜೊತೆ, ಆದ್ದರಿಂದ ಸಂದರ್ಶನ ಕನ್ನಡದಲ್ಲಿ. ಆವರಣದಲ್ಲಿರುವ ಕ್ರಿಯಾಪದವನ್ನು ಸರಿಯಾದ ಕಾಲಕ್ಕೆ ಬದಲಿಸಿ ಬಿಟ್ಟ ಸ್ಥಳ ತುಂಬಿ. ಉತ್ತರ ಕೆಳಗಿದೆ, ಮೊದಲು ನೋಡಬೇಡಿ.

ಸಂದರ್ಶಕರು: ಈಗ ಏನು ಮಾಡ್ತಿದ್ದೀರಿ?

ಅಭ್ಯರ್ಥಿ: ಒಂದು ಪಂಪ್ ಸರ್ವಿಸ್ ಸೆಂಟರ್‌ನಲ್ಲಿ ಎರಡು ವರ್ಷದಿಂದ ಕೆಲಸ (1) ______ (ಮಾಡು) ಸರ್.

ಸಂದರ್ಶಕರು: ಅದಕ್ಕೂ ಮೊದಲು?

ಅಭ್ಯರ್ಥಿ: ಡಿಪ್ಲೊಮಾ ಮುಗಿದ ಮಾರನೇ ವಾರವೇ ಒಂದು ಮೋಟಾರ್ ರೀವೈಂಡಿಂಗ್ ಅಂಗಡಿಗೆ (2) ______ (ಸೇರು). ಅಲ್ಲಿದ್ದಾಗ ದಿನಾ ಎರಡು ಮೂರು ಮೋಟಾರ್ (3) ______ (ಬಿಚ್ಚು).

ಸಂದರ್ಶಕರು: ಬೋರ್‌ವೆಲ್ ಪಂಪ್ ಅನುಭವ ಇದೆಯಾ?

ಅಭ್ಯರ್ಥಿ: ಇದೆ ಸರ್. ಇಲ್ಲಿಯವರೆಗೆ ನಲವತ್ತು ಪಂಪ್ ರಿಪೇರಿ (4) ______ (ಮಾಡು). ಹೋದ ತಿಂಗಳು ಒಂದು ತೋಟಕ್ಕೆ ಕರೆದರು. ನಾವು ಹೋಗುವಷ್ಟರಲ್ಲಿ ಅವರೇ ಪಂಪನ್ನು ಮೇಲಕ್ಕೆ (5) ______ (ಎತ್ತು).

ಸಂದರ್ಶಕರು: ಸೋಲಾರ್ ಪಂಪ್?

ಅಭ್ಯರ್ಥಿ: ಅದರ ಕೆಲಸ ಇನ್ನೂ (6) ______ (ಮಾಡು + ಇಲ್ಲ) ಸರ್. ಇಲ್ಲಿ ಸೇರಿದರೆ ಮೊದಲ ಆರು ತಿಂಗಳಲ್ಲಿ ಅದನ್ನು (7) ______ (ಕಲಿ).

ಈಗ ಉತ್ತರಗಳು.

(1) ಮಾಡುತ್ತಿದ್ದೇನೆ. (3) ಬಿಚ್ಚುತ್ತಿದ್ದೆ. ಈ ಪದಗಳನ್ನು ಬಿಡಿಸಿ ನೋಡಿ: ಮಾಡುತ್ತ + ಇದ್ದೇನೆ, ಬಿಚ್ಚುತ್ತ + ಇದ್ದೆ. ಕೆಲಸ ನಡೆಯುತ್ತಾ ಇರುವುದನ್ನು ಮೊದಲ ಭಾಗ ಹೇಳುತ್ತದೆ. ಅದು ಇವತ್ತಿಗೂ ಇದೆಯಾ, ಮುಗಿದುಹೋಯಿತಾ ಅನ್ನುವುದನ್ನು ಬಾಲ ಹೇಳುತ್ತದೆ. ‘ಇದ್ದೇನೆ’ ಅಂದರೆ ಇಂದಿಗೂ ಇದೆ, ‘ಇದ್ದೆ’ ಅಂದರೆ ಮುಗಿಯಿತು. ನಮ್ಮ ಗೆಳೆಯ ಎಡವಿದ್ದು ಈ ಬಾಲದಲ್ಲೇ.

(2) ಸೇರಿದೆ. (4) ಮಾಡಿದ್ದೇನೆ. ಸೇರಿದ್ದು ಒಂದು ವಾರದಲ್ಲಿ ನಡೆದು ಮುಗಿದ ಘಟನೆ, ಅದಕ್ಕೆ ಬಾಲ ಬೇಡ. ನಲವತ್ತು ಪಂಪಿನ ಅನುಭವ ಈಗಲೂ ಕೈಯಲ್ಲಿದೆ, ಅದಕ್ಕೇ ಮಾಡಿ + ಇದ್ದೇನೆ. ‘ಇಲ್ಲಿಯವರೆಗೆ’ ಅನ್ನುವ ಪದವೇ ಸುಳಿವು.

(5) ಎತ್ತಿದ್ದರು. ಎರಡೂ ಹಿಂದೆ ನಡೆದದ್ದು, ಆದರೆ ಎತ್ತಿದ್ದು ನಾವು ಹೋಗುವುದಕ್ಕಿಂತ ಮೊದಲು. ‘ಎತ್ತಿದರು’ ಅಂತ ಬರೆದರೆ ನಾವು ಹೋದ ಮೇಲೆ ಎತ್ತಿದ ಹಾಗೂ ಅನ್ನಿಸಬಹುದು. ಒಂದು ದ ಒತ್ತು ಯಾವುದು ಮೊದಲು ಅನ್ನುವುದನ್ನು ಹೇಳಿಬಿಡುತ್ತದೆ.

(6) ಮಾಡಿಲ್ಲ. ನಮ್ಮಲ್ಲಿ ಹೆಚ್ಚು ಜನ ತಪ್ಪಿದ್ದು ಇಲ್ಲಿ, ‘ಮಾಡಲಿಲ್ಲ’ ಅಂತ ಬರೆದಿದ್ದರು. ‘ಮಾಡಲಿಲ್ಲ’ ಅಂದರೆ ಆಗ ಅವಕಾಶ ಬಂದಿತ್ತು, ಆದರೂ ಮಾಡಲಿಲ್ಲ ಅನ್ನುವ ಧ್ವನಿ ಬರುತ್ತದೆ, ಸಂದರ್ಶಕರು ‘ಯಾಕೆ?’ ಅಂತ ಕೇಳಿಯೇ ಕೇಳ್ತಾರೆ. ‘ಮಾಡಿಲ್ಲ’ ಅಂದರೆ ಇವತ್ತಿನವರೆಗೆ ಆಗಿಲ್ಲ, ಮುಂದೆ ಆಗಬಹುದು. ‘ಇನ್ನೂ’ ಜೊತೆಗೆ ಹೊಂದುವುದು ಇದೇ. ‘ಮಾಡುವುದಿಲ್ಲ’ ಅಂತೂ ಬೇಡವೇ ಬೇಡ. ಆ ಕೆಲಸ ಕೊಟ್ಟರೂ ಒಲ್ಲೆ ಅಂದ ಹಾಗೆ ಆಗುತ್ತೆ!

(7) ಕಲಿಯುತ್ತೇನೆ. ವ್ಯಾಕರಣದ ಪುಸ್ತಕದ ‘ಕಲಿಯುವೆನು’ ತಪ್ಪಲ್ಲ, ಆದರೆ ಮಾತಲ್ಲಿ ನಾಟಕದ ಸಂಭಾಷಣೆ ಥರ ಕೇಳಿಸುತ್ತೆ. ‘-ತ್ತೇನೆ’ಯಲ್ಲಿ ಒಂದು ತೊಂದರೆ ಇದೆ: ‘ರಿಪೇರಿ ಮಾಡುತ್ತೇನೆ’ ಅನ್ನುವುದು ದಿನದ ಅಭ್ಯಾಸವೂ ಆಗಬಹುದು, ಮುಂದಿನ ಯೋಜನೆಯೂ ಆಗಬಹುದು. ಆದ್ದರಿಂದ ಯೋಜನೆ ಹೇಳುವಾಗ ‘ಮೊದಲ ಆರು ತಿಂಗಳಲ್ಲಿ’ ಥರದ ಒಂದು ಕಾಲಸೂಚಕ ಪದ ಇಟ್ಟುಕೊಳ್ಳಿ. ‘ಕಲಿಯಬೇಕು ಅಂತಿದ್ದೇನೆ’ ಅಂತ ಬರೆದಿದ್ದರೂ ಪೂರ್ತಿ ಅಂಕ. ಅಲ್ಲೂ ಬಾಲ ‘ಇದ್ದೇನೆ’ಯೇ: ಕಲಿಯೋದು ನಾಳೆ, ಆಸೆ ಇವತ್ತಿನದು.

ಕೊನೆಗೆ ಒಂದು ಮನೆಕೆಲಸ. ಅಭ್ಯರ್ಥಿ ಸರ್ವಿಸ್ ಸೆಂಟರ್ ಕೆಲಸವನ್ನು ಹೋದ ವಾರ ಬಿಟ್ಟ ಅಂದುಕೊಳ್ಳಿ. ಯಾವ ಉತ್ತರ ಬದಲಾಗುತ್ತದೆ? (1) ‘ಮಾಡುತ್ತಿದ್ದೆ’ ಆಗುತ್ತದೆ, ‘ಎರಡು ವರ್ಷದಿಂದ’ ಹೋಗಿ ‘ಎರಡು ವರ್ಷ’ ಆಗುತ್ತದೆ. (4) ಮಾತ್ರ ಹಾಗೇ ಇರುತ್ತದೆ. ಯಾಕೆ ಅಂತ ನೀವೇ ಒಂದು ವಾಕ್ಯದಲ್ಲಿ ಬರೆದು ಮುಂದಿನ ಸಭೆಗೆ ತನ್ನಿ.